ಆಗಸ್ಟ್ 15ರ ಬೆಳಗ್ಗೆಗೆ ಎರಡೇ ಹಾಡು ಸಾಕು

ಜುಲೈ ಕೊನೆಯ ವಾರ ಬಂತೆಂದರೆ ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ಪಟ್ಟಿ ಬೆಳೆಯತೊಡಗುತ್ತದೆ. ಒಬ್ಬರು ಒಂದು ಹಾಡು ಹೇಳುತ್ತಾರೆ, ಇನ್ನೊಬ್ಬರು ಮತ್ತೊಂದನ್ನು ಸೇರಿಸುತ್ತಾರೆ, ಮೂರನೆಯವರು ಮೊಬೈಲಿನಲ್ಲಿ ಯಾವುದೋ ಊರಿನ ಶಾಲೆಯ ವಿಡಿಯೊ ತೋರಿಸಿ ‘ನಮ್ಮ ಮಕ್ಕಳಿಗೂ ಇದನ್ನೇ ಮಾಡಿಸೋಣ’ ಎನ್ನುತ್ತಾರೆ. ಸಂಜೆ ಹೊತ್ತಿಗೆ ಪಟ್ಟಿಯಲ್ಲಿ ಎಂಟು ಹಾಡು ಕೂತಿರುತ್ತವೆ. ಆಗಸ್ಟ್ 15ರಂದು ನಾಲ್ಕು ಹಾಡು ಅರ್ಧಕ್ಕೆ ನಿಲ್ಲುತ್ತವೆ, ಎರಡು ಹಾಡನ್ನು ಟೀಚರ್ ಒಬ್ಬರೇ ಹಾಡುತ್ತಾರೆ, ಉಳಿದೆರಡು ಕಿರುಚಾಟವಾಗುತ್ತವೆ.

ನಲಿಕಲಿ ತರಗತಿಯ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ, ವರ್ಷಗಟ್ಟಲೆ ಹಾಡು ಕಲಿಸಿದ ಅನುಭವದ ಮೇಲೆ ಹೇಳುವುದಾದರೆ, ಆ ಬೆಳಗ್ಗೆಗೆ ರಾಷ್ಟ್ರಗೀತೆ ಬಿಟ್ಟು ಎರಡೇ ಹಾಡು ಸಾಕು. ಒಂದನ್ನು ಪೂರ್ತಿ ಕಲಿಸುವುದು, ಇನ್ನೊಂದರ ಪಲ್ಲವಿ ಮಾತ್ರ ಕಲಿಸುವುದು. ಯಾವ ಎರಡು, ಯಾವ ಶ್ರುತಿಯಲ್ಲಿ, ಎಷ್ಟು ದಿನದಲ್ಲಿ ಎಂಬುದನ್ನು ಒಂದು ಶಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಮಲೆನಾಡಿನ ಶಾಲೆ. ಒಂದನೇ ತರಗತಿಯಲ್ಲಿ 12, ಎರಡರಲ್ಲಿ 15, ಮೂರರಲ್ಲಿ 16, ಒಟ್ಟು 43 ಮಕ್ಕಳು. ಹಳೇ ಹಾರ್ಮೋನಿಯಂ ಒಂದಿತ್ತು. ಮಳೆ ಮಾತ್ರ ಬೇಕಾದಷ್ಟಿತ್ತು.

ಹಾಡು ಆರಿಸುವಾಗ

ಪುಟ್ಟ ಮಕ್ಕಳ ಹಾಡಿಗೆ ನಾನು ಕೇಳಿಕೊಳ್ಳುವ ಪ್ರಶ್ನೆ ಮೂರು. ಹಾಡಿನಲ್ಲಿ ಹೇಳಿದ್ದನ್ನು ಬೆರಳು ಮಾಡಿ ತೋರಿಸಲು ಆಗುತ್ತದೆಯೇ? ಒಂದು ಸಾಲು ಒಂದೇ ಉಸಿರಿನಲ್ಲಿ ಮುಗಿಯುತ್ತದೆಯೇ? ಅತಿ ಕೆಳಗಿನ ಸ್ವರದಿಂದ ಅತಿ ಮೇಲಿನ ಸ್ವರದವರೆಗಿನ ಹರವು ಒಂದು ಸ್ಥಾಯಿಯೊಳಗೇ ಇದೆಯೇ? ಮೂರಕ್ಕೂ ಹೌದು ಎನ್ನುವ ಹಾಡುಗಳು ನಾವಂದುಕೊಂಡಷ್ಟು ಇಲ್ಲ.

ಕನ್ನಡದಲ್ಲಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುವುದು ಕಯ್ಯಾರ ಕಿಞ್ಞಣ್ಣ ರೈ ಅವರ ಬಾವುಟದ ಹಾಡು. ಕಾಸರಗೋಡಿನ ಪೆರಡಾಲದ ಈ ಕವಿ (1915–2015) ಸ್ವಾತಂತ್ರ್ಯ ಹೋರಾಟಗಾರರೂ ಹೌದು, ಮೇಷ್ಟ್ರೂ ಹೌದು. ಮೇಷ್ಟ್ರಾಗಿದ್ದರು ಎಂಬುದು ಆ ಹಾಡಿನಲ್ಲಿ ಎದ್ದು ಕಾಣುತ್ತದೆ. ಬಾವುಟ ಮೇಲೇರುವುದು, ಗಾಳಿಗೆ ಬಡಿದುಕೊಳ್ಳುವ ಸದ್ದು, ಮೂರು ಬಣ್ಣ, ನಡುವಿನ ಚಕ್ರ, ಎಲ್ಲವೂ ಮಗುವಿನ ಕಣ್ಣೆದುರೇ ಕಂಬದ ತುದಿಯಲ್ಲಿ ಇರುತ್ತವೆ. ಅರ್ಥ ವಿವರಿಸಲು ಪಾಠ ಮಾಡಬೇಕಿಲ್ಲ, ತಲೆ ಎತ್ತಿ ನೋಡಿದರೆ ಆಯಿತು.

ಇನ್ನೊಂದು ಗುಣ ಅದರ ನಡಿಗೆಯಲ್ಲಿದೆ. ಸಾಲನ್ನು ಮಾತ್ರೆ ಹಾಕಿ ಬಿಡಿಸಿದರೆ ಮೂರು ಮೂರು ಮಾತ್ರೆಯ ಗಣಗಳು ಬರುತ್ತವೆ. ಒಂದು ಗಣಕ್ಕೆ ಒಂದು ಹೆಜ್ಜೆ ಇಟ್ಟರೆ ಹಾಡು ತಾನಾಗಿ ನಡೆಯುತ್ತದೆ. ಪ್ರಭಾತ್ ಫೇರಿಗೆ ಇದಕ್ಕಿಂತ ಒಳ್ಳೆಯ ಹಾಡು ನನಗೆ ಸಿಕ್ಕಿಲ್ಲ. ಎಳೆಯ ಮಕ್ಕಳಿಗೆ ತಾಳ ಕೈಗಿಂತ ಮೊದಲು ಕಾಲಿಗೆ ಬರುತ್ತದೆ.

ಎರಡನೆಯ ಹಾಡು ಹಿಂದಿಯದು, ‘ಝಂಡಾ ಊಂಚಾ’. ಕಾನ್ಪುರ ಕಡೆಯ ಶ್ಯಾಮಲಾಲ್ ಗುಪ್ತ ‘ಪಾರ್ಷದ್’ 1924ರಲ್ಲಿ ಬರೆದದ್ದು. ಚರಣಗಳು ಸಣ್ಣವರಿಗೆ ಕಷ್ಟ. ಆದರೆ ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಚರಣವನ್ನು ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಕೊಟ್ಟು, ಪಲ್ಲವಿಯನ್ನು ಪುಟ್ಟವರಿಗೆ ಬಿಡಿ. ದೊಡ್ಡವರು ಹಾಡುವಾಗ ಪುಟ್ಟವರು ತಮ್ಮ ಸರದಿಗೆ ಕಾಯುವ ಗಮ್ಮತ್ತೇ ಬೇರೆ. ಕಾಯುವುದು ಎಂದರೆ ಕೇಳುವುದು ತಾನೇ, ಅದೂ ಸಂಗೀತದ ಅರ್ಧ ಪಾಠ.

ಕೈಬಿಟ್ಟವುಗಳ ಬಗ್ಗೆಯೂ ಒಂದೆರಡು ಮಾತು. 1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಮಂಗೇಶ್ಕರ್ ಹಾಡಿದ, ಕವಿ ಪ್ರದೀಪ್ ಬರೆದ ‘ಏ ಮೇರೆ ವತನ್ ಕೆ ಲೋಗೋಂ’ ಹಾಡನ್ನು ಯಾರಾದರೂ ಒಬ್ಬರು ಪ್ರತಿ ವರ್ಷ ಸೂಚಿಸುತ್ತಾರೆ. ಅದು ಯುದ್ಧದಲ್ಲಿ ಮಡಿದವರಿಗಾಗಿ ಹಾಡಿದ ಶೋಕಗೀತೆ. ದೀರ್ಘ ಉಸಿರು ಬೇಕು, ದೊಡ್ಡವರ ದುಃಖ ಬೇಕು. ಆರು ವರ್ಷದ ಮಗು ಅದನ್ನು ನಗುನಗುತ್ತಾ ಹಾಡುತ್ತದೆ, ತಪ್ಪು ಮಗುವಿನದಲ್ಲ. ಸಿನಿಮಾ ದೇಶಭಕ್ತಿ ಗೀತೆಗಳನ್ನು ಸಂಜೆಯ ಕಾರ್ಯಕ್ರಮದ ಕುಣಿತಕ್ಕೆ ಇಟ್ಟುಕೊಳ್ಳಿ. ವಂದೇ ಮಾತರಂ ವಿಷಯದಲ್ಲಿ ಆಯಾ ವರ್ಷದ ಸುತ್ತೋಲೆ ಏನು ಹೇಳುತ್ತದೋ ನೋಡಿಕೊಳ್ಳಿ. ಸಂಸ್ಕೃತದ ಸಮಾಸಗಳು ಸಣ್ಣವರ ಬಾಯಲ್ಲಿ ಒಡೆಯುವುದರಿಂದ ಹಾಡುವ ಹೊಣೆ ದೊಡ್ಡ ತರಗತಿಯವರದ್ದೇ ಇರಲಿ.

ನಾಡಗೀತೆಯನ್ನೂ ದೊಡ್ಡವರೇ ಮುನ್ನಡೆಸಲಿ. ಕುವೆಂಪು ಅವರ ಈ ರಚನೆ 2004ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಆಮೇಲೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದಲ್ಲಿ ಮುಗಿಸಬೇಕೆಂದು ಆದೇಶಿಸಿತು. ಆಲಾಪ ಎಳೆಯುವುದು, ಸಾಲನ್ನು ಮತ್ತೆ ಹಾಡುವುದು ಇದರಲ್ಲಿ ಇಲ್ಲ. ಹಳೇ ಕ್ಯಾಸೆಟ್ಟಿನಿಂದ ಕಲಿತ ನನ್ನಂಥವರು ಇದನ್ನು ಮರೆತು ಎಳೆದುಬಿಡುತ್ತೇವೆ. ಒಂದು ಸಲ ಗಡಿಯಾರ ಇಟ್ಟುಕೊಂಡು ಹಾಡಿ ನೋಡಿ. ಅದರಲ್ಲಿ ಬರುವ ಹೆಸರುಗಳ ಸಾಲು ಮೂರನೇ ತರಗತಿಯೊಳಗಿನವರಿಗೆ ಹೊರೆ. ಅವರು ನೆಟ್ಟಗೆ ನಿಂತು ಪಲ್ಲವಿಗೆ ದನಿ ಸೇರಿಸಿದರೆ ಸಾಕು.

ಶ್ರುತಿಯಲ್ಲೇ ಅರ್ಧ ಕೆಲಸ

ಶಾಲೆಯ ಬೆಳಗಿನ ಹಾಡು ಕೆಡುವುದು ಬಹುತೇಕ ಶ್ರುತಿಯಿಂದ. ಮಕ್ಕಳಿಗೆ ಹಾಡಲು ಬರುವುದಿಲ್ಲ ಎಂದು ನಾವು ಷರಾ ಬರೆದುಬಿಡುತ್ತೇವೆ, ನಿಜಕ್ಕೂ ಅವರ ಗಂಟಲು ಇಲ್ಲದ ಜಾಗದಲ್ಲಿ ಅವರನ್ನು ಹಾಡಿಸುತ್ತಿರುತ್ತೇವೆ.

ಹಾರ್ಮೋನಿಯಂ ಮುಂದೆ ಕೂತುಕೊಳ್ಳಿ. ಎರಡು ಕರಿ ಮನೆಗಳ ಜೋಡಿ ಕಾಣುತ್ತದಲ್ಲ, ಅದರ ಎಡಕ್ಕೆ ಅಂಟಿಕೊಂಡ ಬಿಳಿ ಮನೆಯೇ ಬಿಳಿ ಒಂದು. ಪೆಟ್ಟಿಗೆಯ ನಡುವಿನ ಬಿಳಿ ಒಂದರಿಂದ ಅದರ ಮೇಲಿನ ಬಿಳಿ ಒಂದರವರೆಗೆ ಎಂಟು ಬಿಳಿ ಮನೆಗಳು. ಆರರಿಂದ ಎಂಟು ವರ್ಷದ ಮಕ್ಕಳ ಗುಂಪಿನ ಹಾಡು ಇರಬೇಕಾದ್ದು ಈ ಎಂಟು ಮನೆಗಳ ಒಳಗೆ. ಅದರಲ್ಲೂ ಹಾಡಿನ ಹೆಚ್ಚಿನ ಭಾಗ ಎರಡನೇ ಬಿಳಿಯಿಂದ ಆರನೇ ಬಿಳಿಯವರೆಗೆ ಓಡಾಡಿದರೆ ಒಳ್ಳೆಯದು. ತುದಿಗಳನ್ನು ಮುಟ್ಟಿ ಬರಬಹುದು, ಅಲ್ಲೇ ಕೂರಬಾರದು.

ಈಗ ರಾಷ್ಟ್ರಗೀತೆಯನ್ನು ತೆಗೆದುಕೊಳ್ಳಿ. ಅದು ಷಡ್ಜದಿಂದ ಹೊರಟು, ಒಂದು ಕಡೆ ಕೆಳಗಿನ ನಿಷಾದವನ್ನು ಮುಟ್ಟಿ, ಕೊನೆಯ ‘ಜಯಹೇ’ಗಳಲ್ಲಿ ತಾರ ಷಡ್ಜಕ್ಕೆ ಏರುತ್ತದೆ. ಅಂದರೆ ಪೂರ್ತಿ ಒಂದು ಸ್ಥಾಯಿ, ಅದರ ಮೇಲೆ ಸ್ವಲ್ಪ. ನಡುವಿನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಜಯಹೇ ಮೇಲಿನ ಬಿಳಿ ಒಂದಕ್ಕೆ ಬರುತ್ತದೆ, ಮಕ್ಕಳಿಗೆ ಅದು ನಿಲುಕುತ್ತದೆ. ದನಿ ಗಟ್ಟಿಯಿರುವ ಗುಂಪಾದರೆ ಬಿಳಿ ಎರಡಕ್ಕೂ ಹೋಗಬಹುದು, ಅದಕ್ಕಿಂತ ಮೇಲೆ ಬೇಡ. ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನ ಶ್ರುತಿ ಆ್ಯಪಿನಲ್ಲಿ C ಒತ್ತಿಕೊಳ್ಳಿ, ಅದೇ ಬಿಳಿ ಒಂದು.

ಶುರುವಿನಲ್ಲೇ ತಪ್ಪು ಯಾಕೆ ಗೊತ್ತಾಗುವುದಿಲ್ಲವೆಂದರೆ, ರಾಷ್ಟ್ರಗೀತೆಯ ಮೊದಲ ಸಾಲುಗಳೆಲ್ಲ ಕೆಳಗಿನ ಸ್ವರಗಳಲ್ಲೇ ಇವೆ. ಎಷ್ಟು ಮೇಲಿನ ಶ್ರುತಿ ಹಿಡಿದರೂ ಆರಂಭ ಹಿತವಾಗೇ ಇರುತ್ತದೆ. ಬಿಸಿ ತಟ್ಟುವುದು ಕೊನೆಯಲ್ಲಿ, ಆಗ ಹಿಂದೆ ಹೋಗಲು ದಾರಿಯಿಲ್ಲ. ಅದಕ್ಕೇ ಅಭ್ಯಾಸವನ್ನು ಬಾಲದಿಂದ ಮಾಡಿ. ಶ್ರುತಿ ಹಿಡಿದು ಮೊದಲು ಮೂರು ಜಯಹೇಗಳನ್ನು ಹಾಡಿಸಿ, ಮಕ್ಕಳ ಗದ್ದ ನೋಡಿ. ಗದ್ದ ಮೇಲೆದ್ದು ಕತ್ತಿನ ನರ ಬಿಗಿಯಾದರೆ ಶ್ರುತಿ ಮೇಲಿದೆ, ಒಂದು ಮನೆ ಇಳಿಸಿ. ಎಲ್ಲರೂ ಆರಾಮಾಗಿದ್ದು ದನಿ ಮಾತ್ರ ಗುಂಯ್‌ಗುಟ್ಟುವಂತೆ, ಪದ ಓದಿದಂತೆ ಕೇಳಿದರೆ ಶ್ರುತಿ ಕೆಳಗಿದೆ, ಏರಿಸಿ.

ಗಂಡು ಮೇಷ್ಟ್ರುಗಳು ಶ್ರುತಿ ಕೊಡುವ ಶಾಲೆಯಲ್ಲಿ ಇನ್ನೊಂದು ತೊಡಕಿದೆ. ನನ್ನ ಕಣ್ಣೆದುರೇ ನಡೆದದ್ದು, ಯಾವ ಶಾಲೆ ಎಂಬುದು ಬೇಡ. ಕಂಚಿನ ಕಂಠದ ಅತಿಥಿಯೊಬ್ಬರು ಉತ್ಸಾಹದಿಂದ ಮೈಕು ತೆಗೆದುಕೊಂಡು ರಾಷ್ಟ್ರಗೀತೆ ಎತ್ತಿಕೊಂಡರು. ಅವರಿಗೆ ಅನುಕೂಲವಾದ ಷಡ್ಜ ಬಿಳಿ ನಾಲ್ಕರ ಹತ್ತಿರವಿತ್ತು. ಅದೇ ಸ್ವರವನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಲು ಮಕ್ಕಳಿಗೆ ಗಂಟಲೇ ಇಲ್ಲ, ಅರ್ಧ ಮಕ್ಕಳು ಗೊಣಗಿದರು. ಉಳಿದರ್ಧ ಒಂದು ಸ್ಥಾಯಿ ಮೇಲೆ ಹಿಡಿದು, ಜಯಹೇ ಬರುವಾಗ ಆಕಾಶಕ್ಕೆ ಕೂಗಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ರಾಷ್ಟ್ರಗೀತೆಗೆ ನಕ್ಕರೆಂದು ಆಮೇಲೆ ಬೈಸಿಕೊಂಡದ್ದೂ ಆ ಮಕ್ಕಳೇ. ಹಾಗಾಗಿ ಶ್ರುತಿ ಕೊಡುವುದು ಯಾರು ಎಂದು ಮೊದಲೇ ತೀರ್ಮಾನಿಸಿ. ನಾನು ಆರು ಅಥವಾ ಏಳನೇ ತರಗತಿಯ, ಕಿವಿ ಗಟ್ಟಿಯಿರುವ ಒಬ್ಬ ಹುಡುಗಿಗೆ ಆ ಕೆಲಸ ಕೊಡುತ್ತಿದ್ದೆ. ಮಕ್ಕಳ ಕಿವಿ ಮಕ್ಕಳ ದನಿಯನ್ನು ಬೇಗ ಹಿಡಿಯುತ್ತದೆ. ಬಿಳಿ ಒಂದು ನನಗೇ ತುಸು ಮೇಲೆ ಅನ್ನಿಸುತ್ತಿತ್ತು. ಟೀಚರಿಗೆ ಹಾಯೆನಿಸುವ ಶ್ರುತಿ ಮಕ್ಕಳಿಗೆ ಸಾಮಾನ್ಯವಾಗಿ ಕೆಳಗೇ ಇರುತ್ತದೆ.

ಬಾವುಟದ ಹಾಡಿಗೆ ಊರೂರಿಗೆ ಬೇರೆ ಬೇರೆ ಧಾಟಿ ಇದೆ. ನಿಮಗೆ ಬರುವ ಧಾಟಿಯನ್ನೇ ಇಟ್ಟುಕೊಳ್ಳಿ. ಅದರ ಅತಿ ಮೇಲಿನ ಸ್ವರ ಯಾವ ಪದದ ಮೇಲೆ ಬರುತ್ತದೆಂದು ಹುಡುಕಿ, ಆ ಸ್ವರವನ್ನು ಮೇಲಿನ ಬಿಳಿ ಒಂದನ್ನು ದಾಟದಂತೆ ಕೂರಿಸಿ. ಷಡ್ಜ ಎಲ್ಲಿ ಬರುತ್ತದೆ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ. ಕಂಡುಕೊಂಡ ಮನೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಇಡಿ. ನಮ್ಮ ಹಾರ್ಮೋನಿಯಂ ಮೇಲೆ ಅಂಥ ಚುಕ್ಕಿಗಳೇ ತುಂಬಿದ್ದವು.

ಇದೇ ಕಾರಣಕ್ಕೆ ಟ್ರ್ಯಾಕ್ ಹಾಕಿ ಹಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಟ್ರ್ಯಾಕಿನ ಶ್ರುತಿ ದೊಡ್ಡ ಗಾಯಕರ ಗಂಟಲಿಗೆ ಇಟ್ಟದ್ದು. ಮಕ್ಕಳು ಒಂದು ಸಾಲು ತಪ್ಪಿದರೆ ಟ್ರ್ಯಾಕ್ ಕಾಯುವುದಿಲ್ಲ. ಹಬ್ಬದ ದಿನವೇ ಕರೆಂಟ್ ಹೋಗುವುದಂತೂ ನಮ್ಮ ಕಡೆ ಸಂಪ್ರದಾಯ.

ಹನ್ನೆರಡು ದಿನ, ದಿನಕ್ಕೆ ಹತ್ತು ನಿಮಿಷ

ಆಗಸ್ಟ್ 1ರಿಂದ 14ರವರೆಗೆ ಭಾನುವಾರಗಳನ್ನು ಕಳೆದರೆ ಸಿಗುವುದು ಹನ್ನೆರಡು ದಿನ. ನಮ್ಮಲ್ಲಿ ಮಳೆ ರಜೆ ಎರಡು ದಿನ ನುಂಗಿದ್ದರಿಂದ ಹತ್ತೇ ಉಳಿದವು. ಬೆಳಗಿನ ಪ್ರಾರ್ಥನೆಯ ಬೆನ್ನಿಗೇ ಹತ್ತು ನಿಮಿಷ ತೆಗೆದುಕೊಂಡೆ. ಬಿಸಿಯೂಟದ ನಂತರ ಹಾಡಿಸಬೇಡಿ, ಹೊಟ್ಟೆ ತುಂಬಿದ ಮಗು ಉಸಿರು ಎಳೆಯುವುದಿಲ್ಲ, ಆಕಳಿಸುತ್ತದೆ.

ಮೊದಲ ದಿನ ಹಾಡೇ ಇಲ್ಲ. ಬಾವುಟದ ಚಿತ್ರ ಹಿಡಿದು ಬಣ್ಣ ಕೇಳಿದೆ, ಚಕ್ರದ ಗೆರೆ ಎಣಿಸಿದೆವು. ಇಪ್ಪತ್ತನಾಲ್ಕು ಎಂದು ಎಣಿಸಿ ಮುಗಿಸಲು ಒಂದನೇ ತರಗತಿಯವರಿಗೆ ಆ ಹತ್ತು ನಿಮಿಷವೇ ಸಾಲಲಿಲ್ಲ. ಎರಡನೇ ದಿನ ಸಾಲುಗಳನ್ನು ಮಾತಿನಂತೆ ಹೇಳಿಸುತ್ತಾ ವರಾಂಡದಲ್ಲಿ ನಡೆದೆವು. ಒಂದು ಗಣಕ್ಕೊಂದು ಹೆಜ್ಜೆ. ಯಾರು ಎಲ್ಲಿ ಎಡವುತ್ತಾರೋ ಅಲ್ಲಿ ಪದ ಬಾಯಿಗೆ ಬಂದಿಲ್ಲ ಎಂದು ಅರ್ಥ, ಕಾಲೇ ಹೇಳಿಕೊಡುತ್ತದೆ.

ಮೂರನೇ ದಿನ ಧಾಟಿ. ನಾನು ಎರಡು ಸಾಲು ಎರಡು ಸಲ ಹಾಡಿದೆ, ಮಕ್ಕಳು ಕೇಳಿದರು ಅಷ್ಟೇ. ಕೇಳಿಸಿಕೊಳ್ಳುವ ಮೊದಲೇ ಹಾಡಿಸಿದರೆ ಅವರು ಪದ ಹಿಡಿಯುತ್ತಾರೆ, ಸ್ವರ ಬಿಡುತ್ತಾರೆ, ತಪ್ಪು ಸ್ವರ ಒಮ್ಮೆ ಕೂತರೆ ತೆಗೆಯಲು ವಾರ ಬೇಕು. ಆಮೇಲೆ ನಾನೊಂದು ಸಾಲು, ಅವರೊಂದು ಸಾಲು. ಇಲ್ಲೊಂದು ಮುಖ್ಯ ವಿಷಯ. ಮಕ್ಕಳು ಹಾಡುವಾಗ ಟೀಚರ್ ಬಾಯಿ ಮುಚ್ಚಿಕೊಂಡಿರಬೇಕು. ಜತೆಗೆ ಹಾಡಿದರೆ ನಿಮಗೆ ಕೇಳುವುದು ನಿಮ್ಮದೇ ದನಿ. ಎಲ್ಲ ಸರಿಯಿದೆ ಅನ್ನಿಸುತ್ತದೆ, ಆಗಸ್ಟ್ 15ರಂದು ನೀವು ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಾ ನಿಂತಾಗ ಮಕ್ಕಳ ಬಾಯಿಂದ ಏನೂ ಹೊರಡುವುದಿಲ್ಲ.

ದಿನಕ್ಕೆ ಎರಡು ಸಾಲಿಗಿಂತ ಹೆಚ್ಚು ಕೊಡಲಿಲ್ಲ. ಮರುದಿನ ಹಳೆಯ ಎರಡು ಸಾಲಿನಿಂದಲೇ ಶುರು. ಏಳನೇ ದಿನಕ್ಕೆ ಹಾಡು ಮುಗಿಯಿತು. ಎಂಟನೇ ದಿನ ದೊಡ್ಡ ತರಗತಿಯವರನ್ನು ಕರೆಸಿ ಹಿಂದಿ ಹಾಡಿನ ಪಲ್ಲವಿ ಕೂಡಿಸಿದೆವು. ಉಳಿದೆರಡು ದಿನ ಅಂಗಳದಲ್ಲಿ, ಕಂಬದ ಮುಂದೆ.

‘ಜೋರಾಗಿ ಹಾಡಿ’ ಎಂಬ ಮಾತನ್ನು ಆ ಹತ್ತು ದಿನವೂ ನಾನು ಬಾಯಿಗೆ ತರಲಿಲ್ಲ. ಪುಟ್ಟ ಮಕ್ಕಳಿಗೆ ಜೋರು ಎಂದರೆ ಕೂಗು, ಕೂಗಿದರೆ ಸ್ವರ ಹೋಗುತ್ತದೆ, ಮರುದಿನ ಗಂಟಲೂ ಹೋಗುತ್ತದೆ. ‘ಬಾಯಿ ತೆರೆದು ಹಾಡಿ, ಎರಡು ಬೆರಳು ಹೋಗೋಷ್ಟು’ ಎಂದರೆ ದನಿ ಎರಡು ಪಟ್ಟಾಗುತ್ತದೆ, ಕೂಗು ಬರುವುದಿಲ್ಲ. ಬೆರಳು ಇಟ್ಟು ನೋಡಿಕೊಳ್ಳುವ ಆಟ ಅವರಿಗೆ ಬಲು ಖುಷಿ. ಮೊದಲು ಕೈ ತೊಳೆಸಿ ಎನ್ನುವುದನ್ನು ನಾನು ಎರಡನೇ ಸಲ ಕಲಿತೆ.

ಸ್ವರ ಹಿಡಿಯದೆ ಒಂದೇ ಮಟ್ಟದಲ್ಲಿ ಗೊಣಗುವ ಮಕ್ಕಳು ಪ್ರತಿ ಗುಂಪಿನಲ್ಲೂ ಮೂರು ನಾಲ್ಕು ಜನ ಇರುತ್ತಾರೆ. ನಮ್ಮಲ್ಲಿ ನಾಲ್ವರಿದ್ದರು. ‘ನೀನು ಬರೀ ಬಾಯಿ ಆಡಿಸು ಸಾಕು’ ಎಂದು ಅವರಿಗೆ ಹೇಳಬೇಡಿ. ಸ್ವರ ಗಟ್ಟಿಯಿರುವ ಇಬ್ಬರ ನಡುವೆ ಒಬ್ಬೊಬ್ಬರನ್ನು ನಿಲ್ಲಿಸಿ. ಎರಡೂ ಕಿವಿಯಿಂದ ಸರಿಯಾದ ಸ್ವರ ಬೀಳುತ್ತಿದ್ದರೆ ಕೆಲವರು ವಾರದೊಳಗೆ ಕೂಡಿಕೊಳ್ಳುತ್ತಾರೆ. ನಮ್ಮ ನಾಲ್ವರಲ್ಲಿ ಇಬ್ಬರು ಕೂಡಿಕೊಂಡರು, ಇಬ್ಬರು ಇಲ್ಲ. ನಲವತ್ತಮೂರು ದನಿಯಲ್ಲಿ ಇಬ್ಬರ ಗೊಣಗಾಟ ಯಾರಿಗೂ ಕೇಳುವುದಿಲ್ಲ.

ಐವತ್ತೆರಡು ಸೆಕೆಂಡು

ರಾಷ್ಟ್ರಗೀತೆಗೆ ಗೊತ್ತುಪಡಿಸಿದ ಸಮಯ ಸುಮಾರು 52 ಸೆಕೆಂಡು. ಸಣ್ಣವರು ಸೇರಿದರೆ ಅದು ಎಳೆದು ಎಳೆದು ಒಂದು ನಿಮಿಷ ದಾಟುತ್ತದೆ. ಎಳೆತ ಬರುವುದು ಸಾಲಿನ ಕೊನೆಯ ದೀರ್ಘಗಳಲ್ಲಿ, ಅಲ್ಲಿ ನಿಂತು ಉಸಿರಾಡಿಕೊಳ್ಳುತ್ತಾರೆ. ನಾನು ಅಭ್ಯಾಸದಲ್ಲಿ ಸ್ಟಾಪ್‌ವಾಚ್ ಒತ್ತಿ, ಸಮುದ್ರದ ಅಲೆಗಳ ಸಾಲು ಬರುವಾಗ ನೋಡುತ್ತೇನೆ. ಅಷ್ಟರಲ್ಲಿ ಸುಮಾರು ಅರ್ಧ ಸಮಯ ಕಳೆದಿರಬೇಕು. ಮೂವತ್ತು ಸೆಕೆಂಡು ಮೀರಿದ್ದರೆ ಎಳೆಯುತ್ತಿದ್ದೇವೆ ಎಂದೇ ಅರ್ಥ. ತೊಡೆಯ ಮೇಲೆ ಮೆಲ್ಲಗೆ ತಾಳ ತಟ್ಟಿಸಿ ಮೂರು ದಿನ ಹಾಡಿಸಿದರೆ ಸರಿಹೋಗುತ್ತದೆ. ಸಮಾರಂಭದಲ್ಲಿ ತಾಳ ಇಲ್ಲ, ಕೈ ಪಕ್ಕಕ್ಕೆ.

ಪದಗಳಲ್ಲಿ ಎಡವುವ ಜಾಗಗಳೂ ಹೆಚ್ಚುಕಡಿಮೆ ಎಲ್ಲ ಶಾಲೆಗೂ ಒಂದೇ. ‘ಮಾಗೇ’ ಎಂಬುದು ‘ಮಾಂಗೇ’ ಆಗುತ್ತದೆ. ‘ಉಚ್ಛಲ’ ಹೋಗಿ ‘ಉಜ್ವಲ’ ಬರುತ್ತದೆ. ಇವೆರಡನ್ನು ಬೇರೆಯಾಗಿ ಹೇಳಿಸಿದರೆ ತಿದ್ದಬಹುದು. ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ‘ಜನಗಣ’ ಎಂಬ ಪದ ಗೀತೆಯ ಆರಂಭದಲ್ಲೂ ಬರುತ್ತದೆ, ಕೊನೆಯ ಭಾಗದಲ್ಲೂ ಬರುತ್ತದೆ. ಎರಡನೆಯ ಸಲ ಮುಂದಿನ ಪದ ಬೇರೆ. ಅರೆ ನಿದ್ದೆಯ ಬೆಳಗ್ಗೆ ಒಂದು ಮಗು ಹಳೇ ದಾರಿ ಹಿಡಿಯಿತೆಂದರೆ ಸಾಲಿಗೆ ಸಾಲೇ ಅದರ ಹಿಂದೆ ಹೋಗುತ್ತದೆ, ಗೀತೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಆದ್ದರಿಂದ ಆ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟು ಹಾಡಿಸಿ. ನಾನು ಒಂದು ಬೆರಳು ತೋರಿಸಿದರೆ ಮೊದಲನೆಯದು, ಎರಡು ಬೆರಳು ತೋರಿಸಿದರೆ ಎರಡನೆಯದು. ನಾಲ್ಕು ದಿನ ಈ ಆಟ ಆಡಿದ ಮೇಲೆ ಯಾರೂ ದಾರಿ ತಪ್ಪಲಿಲ್ಲ.

ಮನೆಯ ನಂಬಿಕೆಯ ಕಾರಣಕ್ಕೆ ಹಾಡದೆ ಸುಮ್ಮನೆ ನಿಲ್ಲುವ ಮಗು ಇದ್ದರೆ ಒತ್ತಾಯ ಬೇಡ. ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ, ಗೌರವದಿಂದ ಎದ್ದು ನಿಂತ ಮಗು ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕುವಂತಿಲ್ಲ.

ಆ ಬೆಳಗ್ಗೆ

ಹತ್ತು ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಹಾಳುಮಾಡುವುದು ಪ್ರಭಾತ್ ಫೇರಿಯ ಘೋಷಣೆ. ಏಳೂವರೆಗೆ ಊರು ಸುತ್ತುತ್ತಾ ಜೈಕಾರ ಕೂಗಿ ಬಂದ ಮಕ್ಕಳ ಗಂಟಲು ಎಂಟೂವರೆ ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ. ದೊಡ್ಡವರು ಕೂಗಲಿ, ಪುಟ್ಟವರು ಬಾವುಟದ ಹಾಡನ್ನೇ ಹಾಡುತ್ತಾ ನಡೆಯಲಿ. ಹೆಜ್ಜೆಯ ಜತೆ ಕಲಿತದ್ದರಿಂದ ಅವರಿಗೆ ಇದೇ ಸುಲಭ. ಬಂದ ಮೇಲೆ ಒಂದೊಂದು ಲೋಟ ಉಗುರುಬೆಚ್ಚಗಿನ ನೀರು ಕುಡಿಸಿ, ಎರಡು ನಿಮಿಷ ಬಾಯಿ ಮುಚ್ಚಿ ‘ಮ್’ ಎಂದು ಷಡ್ಜ ಹಿಡಿಸಿ.

ಸಣ್ಣವರನ್ನು ಮುಂದಿನ ಸಾಲಿನಲ್ಲಿ ಅರ್ಧಚಂದ್ರಾಕಾರವಾಗಿ ನಿಲ್ಲಿಸಿ. ನೇರ ಸಾಲಿನಲ್ಲಿ ಈ ತುದಿಯವರಿಗೆ ಆ ತುದಿಯವರು ಕೇಳುವುದಿಲ್ಲ, ಹಾಡು ಎರಡಾಗಿ ಸೀಳುತ್ತದೆ. ಒಂದೇ ಮೈಕು, ಸ್ಟ್ಯಾಂಡಿಗೆ ಹಾಕಿ, ಮಕ್ಕಳ ಎದೆಯ ಎತ್ತರಕ್ಕೆ, ನಾಲ್ಕೈದು ಅಡಿ ದೂರದಲ್ಲಿ. ಒಂದು ಮಗುವಿನ ಕೈಗೆ ಮೈಕು ಕೊಟ್ಟರೆ ಊರಿಗೆ ಕೇಳುವುದು ಅದೊಂದೇ ದನಿ. ಸ್ಪೀಕರ್ ಬಾಕ್ಸ್ ಮೈಕಿನ ಮುಂದಿರಲಿ, ಹಿಂದಿಟ್ಟರೆ ಕೀಂ ಎನ್ನುತ್ತದೆ. ಬ್ಲೂಟೂತ್ ಸ್ಪೀಕರ್ ತಂದವರಿಗೆ ವಂದಿಸಿ ಬದಿಗಿಡಿ. ಅದರಲ್ಲಿ ಸದ್ದು ಕ್ಷಣಮಾತ್ರ ತಡವಾಗಿ ಬರುತ್ತದೆ. ತಮ್ಮದೇ ದನಿ ತಡವಾಗಿ ಕೇಳಿದ ಮಕ್ಕಳು ಅದಕ್ಕಾಗಿ ಕಾಯುತ್ತಾರೆ, ಹಾಡು ಮತ್ತೆ ಎಳೆಯತೊಡಗುತ್ತದೆ.

ಹಗ್ಗ ಎಳೆದ ಕೂಡಲೇ ಹಾಡಲು ಶುರು ಮಾಡುವುದು ಪುಟ್ಟವರ ಇನ್ನೊಂದು ಅಭ್ಯಾಸ. ಬಾವುಟ ಇನ್ನೂ ಅರ್ಧ ಕಂಬದಲ್ಲಿರುತ್ತದೆ, ಇವರು ಎರಡನೇ ಸಾಲಿಗೆ ಬಂದಿರುತ್ತಾರೆ. ಗಂಟು ಬಿಚ್ಚದೆ ಸಿಕ್ಕಿಕೊಂಡರಂತೂ ಮುಗಿಯಿತು. ಇದಕ್ಕೆ ಕೊನೆಯೆರಡು ದಿನ ಹಗ್ಗಕ್ಕೆ ಒಂದು ಬೈರಾಸು ಕಟ್ಟಿ ಅಭ್ಯಾಸ ಮಾಡಿದೆವು. ಒಮ್ಮೆ ಬೇಗ ಬಿಚ್ಚಿಸಿ, ಒಮ್ಮೆ ಬೇಕೆಂದೇ ಸಿಕ್ಕಿಸಿ. ಕಣ್ಣು ಬಾವುಟದ ಮೇಲಲ್ಲ, ಶ್ರುತಿ ಕೊಡುವ ಅಕ್ಕನ ಕೈ ಮೇಲೆ. ಅವಳ ಕೈ ಇಳಿದಾಗ ಹಾಡು. ಬೈರಾಸು ಬಿಚ್ಚಿ ಅದರೊಳಗಿನ ದಾಸವಾಳದ ಎಸಳು ತಲೆ ಮೇಲೆ ಬಿದ್ದಾಗ ಎರಡನೇ ತರಗತಿಯ ಹುಡುಗನೊಬ್ಬ, ‘ಟೀಚರ್, ನಾಳೆನೂ ಇದನ್ನೇ ಹಾರಿಸೋಣ’ ಅಂದ.

ರಾಷ್ಟ್ರಗೀತೆ ಮುಗಿದೊಡನೆ ಪುಟ್ಟವರ ಹಾಡು ಇಟ್ಟುಬಿಡಿ, ಭಾಷಣಕ್ಕಿಂತ ಮೊದಲು. ತಿಂಡಿ ತಿನ್ನದೆ ಬಂದು ಮುಕ್ಕಾಲು ಗಂಟೆ ನಿಂತ ಮಕ್ಕಳು ತಲೆ ಸುತ್ತಿ ಬೀಳುವುದು ಭಾಷಣದ ಹೊತ್ತಿನಲ್ಲೇ. ಹಾಡಿ ಮುಗಿಸಿದವರನ್ನು ಜಮಖಾನದ ಮೇಲೆ ಕೂರಿಸಿ. ಅತಿಥಿಗಳು ಬರುವುದು ತಡವಾದರೆ ಹಾಡನ್ನು ಹಿಂದಕ್ಕೆ ತಳ್ಳಬೇಡಿ ಎಂದು ಹೆಡ್‌ಮೇಷ್ಟ್ರಿಗೆ ಹಿಂದಿನ ದಿನವೇ ಹೇಳಿಟ್ಟಿರಿ. ಮಳೆ ಬಂದರೆ ಧ್ವಜ, ರಾಷ್ಟ್ರಗೀತೆ ಅಂಗಳದಲ್ಲಿ ಮುಗಿಸಿ ಉಳಿದದ್ದೆಲ್ಲ ವರಾಂಡಕ್ಕೆ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಮಕ್ಕಳು ತಾವಾಗಿ ಕೂಗಲು ಶುರು ಮಾಡುತ್ತಾರೆ. ಆಗ ಇನ್ನಷ್ಟು ಹತ್ತಿರ, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿ, ಶ್ರುತಿ ಏರಿಸಬೇಡಿ.

ಲಾಡಿನ ಬುಟ್ಟಿಯನ್ನು ಹಾಡು ಮುಗಿಯುವವರೆಗೆ ಆಫೀಸ್ ರೂಮಿನಲ್ಲೇ ಬೀಗ ಹಾಕಿಡಿ. ನಮ್ಮಲ್ಲಿ ಆ ವರ್ಷ ಅದನ್ನು ಹಾರ್ಮೋನಿಯಂ ಪಕ್ಕದ ಬೆಂಚಿನ ಮೇಲೆ ಇಟ್ಟಿದ್ದರು. ನಲವತ್ತಮೂರು ಜೊತೆ ಕಣ್ಣೂ ಅಲ್ಲೇ ಇದ್ದವು, ಅಕ್ಕನ ಕೈ ಇಳಿದದ್ದು ಯಾರಿಗೂ ಕಾಣಲಿಲ್ಲ, ಅವಳೇ ಮೊದಲ ಸಾಲು ಒಂಟಿಯಾಗಿ ಹಾಡಿದಳು. ಎರಡನೇ ಸಾಲಿಗೆ ಎಲ್ಲರೂ ಬಂದು ಸೇರಿಕೊಂಡರು.